ಇಪ್ಪತ್ತಮೂರು ಜಿಪ್ ಫೈಲುಗಳಲ್ಲಿ ಮಗಳ ಬಾಲ್ಯ

ಪ್ರಶ್ನೆ: ನಾನು ದುಬೈಯಲ್ಲಿ ಕೆಲಸದಲ್ಲಿದ್ದೇನೆ. ಗೂಗಲ್ ಸ್ಟೋರೇಜ್ ಪ್ಲಾನ್ ಮುಗಿದು ತುಂಬಾ ಸಮಯ ಆಯ್ತು, ಈಗ ಎಲ್ಲಾ ಡಿಲೀಟ್ ಆಗುತ್ತೆ ಅಂತ ಬಂದಿದೆ. ಮನೆಯವರ ವಿಡಿಯೋ ಎಲ್ಲಾ ಅದರಲ್ಲೇ ಇದೆ. ಲ್ಯಾಪ್‌ಟಾಪ್ ಇಲ್ಲ, ಫೋನ್ ಮಾತ್ರ. ಏನು ಮಾಡಲಿ?

ಫೋನ್ ಒಂದರಲ್ಲೇ ಆಗುತ್ತದೆ. ಅಬುಧಾಬಿಯ ಮುಸಫ್ಫಾದಲ್ಲಿ ಕ್ಯಾಂಪಿನ ಮಂಚದ ಮೇಲೆ ಕೂತು ನಾನೂ ಹಾಗೇ ಮಾಡಿದ್ದು. ನಡೆದದ್ದನ್ನು ಹಾಗೆಯೇ ಹೇಳುತ್ತೇನೆ, ನಿಮಗೆ ಬೇಕಾದದ್ದು ಅದರಲ್ಲಿ ಸಿಗುತ್ತದೆ.

ಅದಕ್ಕೂ ಮೊದಲು ಒಂದು ಮಾತು. ಊರಿನಲ್ಲಿ ಯಾರಾದರೂ ಯುಪಿಐಯಲ್ಲಿ ಒಂದು ತಿಂಗಳ ಹಣ ಕಟ್ಟುವಂತಿದ್ದರೆ ಇವತ್ತೇ ಕಟ್ಟಿಸಿ. ಸ್ಟೋರೇಜ್ ಮಿತಿಯ ಒಳಗೆ ಬಂದರೆ ಅಳಿಸುವ ಗಡುವಿನ ಭಯ ಇರುವುದಿಲ್ಲ, ನೀವು ನಿಧಾನವಾಗಿ ಇಳಿಸಿಕೊಳ್ಳಬಹುದು. ನನಗೆ ಆ ದಾರಿ ಇರಲಿಲ್ಲ. ಕಾರ್ಡಿನ ಅವಧಿ ಮುಗಿದಿತ್ತು, ರೀಚಾರ್ಜ್ ಇಲ್ಲದೆ ಊರಿನ ಸಿಮ್ ಸತ್ತಿತ್ತು. ಹೆಂಡತಿಯ ಕೈಯಲ್ಲಿದ್ದ ಬ್ಯಾಂಕ್ ಖಾತೆಗೂ ಅದೇ ನಂಬರ್ ಕೊಟ್ಟಿದ್ದರಿಂದ ಒಟಿಪಿ ಎಲ್ಲಿಗೂ ಬರುತ್ತಿರಲಿಲ್ಲ.

ನಮ್ಮ ಮನೆ ಬೈಂದೂರಿನ ಹತ್ತಿರ. ಯುಎಇಯಲ್ಲಿ ವಾಟ್ಸಾಪ್ ಕಾಲ್ ಹೋಗುವುದಿಲ್ಲ, ನಿಮಗೆ ಗೊತ್ತೇ ಇದೆ. ಹಾಗಾಗಿ ಮನೆಯಲ್ಲಿ ಏನಾದರೂ ವಿಡಿಯೋ ಮಾಡಿ ಕಳಿಸುವುದೇ ರೂಢಿ. ಮಗಳು ಅಂಗಳದಲ್ಲಿ ನಡೆದದ್ದು, ಅಮ್ಮ ಅವಳಿಗೆ ಗಂಜಿ ಉಣಿಸುತ್ತಾ ಹಾಡಿದ್ದು, ಮಳೆಗಾಲದಲ್ಲಿ ತೋಡು ತುಂಬಿ ಹರಿದದ್ದು. ಅಮ್ಮ ಈಗ ಇಲ್ಲ. ಅವರ ದನಿ ಇರುವುದು ಈ ವಿಡಿಯೋಗಳಲ್ಲಿ ಮಾತ್ರ.

ಹೆಂಡತಿಗೆ ಫೋನ್ ತೆಗೆದುಕೊಟ್ಟಾಗ ಅದಕ್ಕೂ ನನ್ನ ಜಿಮೇಲನ್ನೇ ಹಾಕಿದ್ದೆ. ಗಲ್ಫಿನಲ್ಲಿರುವ ಬಹಳ ಜನರ ಮನೆಯಲ್ಲಿ ಹೀಗೇ ಇರುತ್ತದೆ. ಅದರ ಅರ್ಥ, ಎರಡು ಫೋನಿಗೂ ಗೂಗಲ್ ಫೋಟೋಸ್ ಒಂದೇ. ಇಲ್ಲಿ ಅಳಿಸಿದರೆ ಅಲ್ಲೂ ಹೋಗುತ್ತದೆ. ಬ್ಯಾಕಪ್ ಆದದ್ದನ್ನು ಅಳಿಸಿದರೆ 60 ದಿನ ಕಸದ ಬುಟ್ಟಿಯಲ್ಲಿರುತ್ತದೆ, ಆಮೇಲೆ ಇಲ್ಲ. ಹಾಗಾಗಿ ಮೊದಲು ಮಾಡಿದ ಕೆಲಸವೆಂದರೆ ಅವಳಿಗೆ ಕಾಲ್ ಮಾಡಿದ್ದು.

"ಫೋನ್ ಫುಲ್ ಅಂತ ಬತ್ತಾ ಇತ್ತ್, ಎಂತ ಮಾಡೂದ್?" ಅಂದಳು.

"ಎಂತದೂ ಅಳಿಸ್ಬೇಡ. ನಾನು ಹೇಳುವ ತನಕ ಫೋಟೋಸ್ ಮುಟ್ಟಲೇ ಬೇಡ."

ಅವಳ ಫೋನಿನಲ್ಲಿ ಹಳೆಯದು ಉಳಿದಿರಲಿಲ್ಲ. "Free up space" ಒತ್ತಿದಾಗ ಬ್ಯಾಕಪ್ ಆಗಿರುವ ಪ್ರತಿಗಳನ್ನು ಫೋನಿನಿಂದ ತೆಗೆಯುತ್ತದೆ. ಹಾಗಾಗಿ ಇದ್ದದ್ದು ಒಂದೇ ಪ್ರತಿ, ಅದೂ ಮುಗಿದ ಖಾತೆಯಲ್ಲಿ. ವಾಟ್ಸಾಪಿನಲ್ಲಿ ಬಂದದ್ದು ಉಂಟಲ್ಲ ಅನ್ನಬೇಡಿ. ಅದರಲ್ಲಿ ಸಾಮಾನ್ಯವಾಗಿ ಕಳಿಸಿದ ವಿಡಿಯೋ ಕುಗ್ಗಿರುತ್ತದೆ, ಟಿವಿಯಲ್ಲಿ ಹಾಕಿದರೆ ಮುಖ ಮಸುಕು.

ಒಂದೊಂದೇ ವಿಡಿಯೋ ತೆರೆದು ಡೌನ್‌ಲೋಡ್ ಕೊಡುತ್ತಾ ಕೂರಬೇಡಿ, ಯಾವುದು ಬಂತು ಯಾವುದು ಬಿಟ್ಟಿತು ಗೊತ್ತಾಗುವುದಿಲ್ಲ. ಎಲ್ಲವನ್ನೂ ಒಟ್ಟಿಗೆ ಇಳಿಸಿಕೊಳ್ಳಲು takeout.google.com ತೆರೆಯಿರಿ. ಮೊದಲು "Deselect all" ಒತ್ತಿ, Google Photos ಒಂದಕ್ಕೆ ಮಾತ್ರ ಟಿಕ್ ಹಾಕಿ. ಅದರೊಳಗೆ ಆಲ್ಬಮ್‌ಗಳ ಪಟ್ಟಿ ಬರುತ್ತದೆ. "Photos from 2020" ಅಂತ ಇರುವ ವರ್ಷದ ಫೋಲ್ಡರುಗಳನ್ನಷ್ಟೇ ಇಟ್ಟುಕೊಳ್ಳಿ. ಆಲ್ಬಮ್‌ಗಳನ್ನೂ ಸೇರಿಸಿದರೆ ಅದೇ ವಿಡಿಯೋ ಎರಡೆರಡು ಸಲ ಬರಬಹುದು.

ಮುಂದಿನ ಪುಟದಲ್ಲಿ ಎರಡು ಆಯ್ಕೆ ಮುಖ್ಯ. ಎಲ್ಲಿಗೆ ಕಳಿಸಬೇಕು ಅಂದಾಗ ಡ್ರೈವ್ ಆರಿಸಬೇಡಿ, ಅದೂ ಇದೇ ತುಂಬಿದ ಜಾಗ. ಡೌನ್‌ಲೋಡ್ ಲಿಂಕ್ ಆರಿಸಿ. ಫೈಲಿನ ಗಾತ್ರ 2 ಜಿಬಿ ಇಡಿ. 50 ಜಿಬಿಯ ಒಂದೇ ಫೈಲ್ ಕ್ಯಾಂಪ್ ವೈಫೈಯಲ್ಲಿ ಅರ್ಧಕ್ಕೆ ನಿಂತರೆ ಅಷ್ಟೂ ಹೊತ್ತು ನಷ್ಟ. ಹಳೆಯ ಪೆನ್‌ಡ್ರೈವ್ FAT32 ಆಗಿದ್ದರೆ 4 ಜಿಬಿಗಿಂತ ದೊಡ್ಡ ಫೈಲನ್ನು ತೆಗೆದುಕೊಳ್ಳುವುದೂ ಇಲ್ಲ.

ಕೋರಿಕೆ ಕೊಟ್ಟ ಮೇಲೆ ಸಿದ್ಧವಾಗಲು ಗಂಟೆಗಳೂ ಆಗಬಹುದು, ದಿನಗಳೂ ಆಗಬಹುದು. ಇಲ್ಲಿ ಬಹಳ ಜನ ಕಾದು ಕೆಡುತ್ತಾರೆ. ಸಿದ್ಧವಾಯಿತು ಅಂತ ಮೇಲ್ ಬರುತ್ತದೆ ಎಂದು ಪುಟ ಹೇಳುತ್ತದೆ. ಆದರೆ ಸ್ಟೋರೇಜ್ ಮಿತಿ ದಾಟಿದ್ದರೆ ಜಿಮೇಲಿಗೆ ಹೊಸ ಮೇಲ್ ಬರುವುದು ನಿಲ್ಲುತ್ತದೆ. ಲಿಂಕ್‌ಗೆ ಇರುವುದು ಸುಮಾರು ಒಂದು ವಾರದ ಆಯಸ್ಸು. ಮೇಲ್ ಬರಲಿ ಅಂತ ಕೂತರೆ ಅದು ಮುಗಿದೇ ಹೋಗಬಹುದು. ಶಿಫ್ಟ್ ಮುಗಿಸಿ ಬಂದ ಕೂಡಲೇ ಅದೇ ಪುಟಕ್ಕೆ ಹೋಗಿ ನೋಡುವುದು ನನ್ನ ಅಭ್ಯಾಸವಾಯಿತು.

ಒಂದು ರಾತ್ರಿ ಡೌನ್‌ಲೋಡ್ ಬಟನ್ ಬಂದಿತ್ತು. ಒತ್ತಿದರೆ ಮತ್ತೆ ಪಾಸ್‌ವರ್ಡ್ ಕೇಳಿತು, ಆಮೇಲೆ ಇನ್ನೊಂದು ದೃಢೀಕರಣ. ಕೋಡ್ ಹೋಗುವುದು ಸತ್ತ ಸಿಮ್‌ಗೆ. ನನಗೆ ಕೈಕಾಲು ಆಡಲಿಲ್ಲ. ಆದರೆ ಕೆಳಗೆ ಬೇರೆ ವಿಧಾನ ಇತ್ತು: ಇದೇ ಖಾತೆ ಇರುವ ಇನ್ನೊಂದು ಫೋನಿನಲ್ಲಿ ಒಪ್ಪಿಗೆ ಕೊಡುವುದು. ಆ ಫೋನ್ ಬೈಂದೂರಿನಲ್ಲಿ. ಊರಿನಲ್ಲಿ ನಮಗಿಂತ ಒಂದೂವರೆ ಗಂಟೆ ಮುಂದೆ, ಎಲ್ಲರೂ ಮಲಗಿದ ಹೊತ್ತು. ಇಂಟರ್ನ್ಯಾಷನಲ್ ಕಾಲ್ ಮಾಡಿ ಎಬ್ಬಿಸಿದೆ.

"ಫೋನಲ್ಲಿ ಮೂರು ನಂಬರ್ ಬಂದಿತ್ತ್, ಯಾವ್ದ್ ಒತ್ತೂದ್?"

"ನಲವತ್ತೇಳು. ನಾಲ್ಕು, ಏಳು."

ಒತ್ತಿದಳು, ನನ್ನ ಪರದೆ ತೆರೆಯಿತು. ನಿಮ್ಮ ಖಾತೆ ಊರಿನ ಫೋನಿನಲ್ಲಿದ್ದರೆ ಅಲ್ಲಿಂದ ಅದನ್ನು ಲಾಗ್‌ಔಟ್ ಮಾಡಿಸಲೇಬೇಡಿ. ಮನೆಯವರಿಗೂ ಹೇಳಿಡಿ: ನೀವು ಕಾಲ್ ಮಾಡಿ ಹೇಳಿದ ನಂಬರನ್ನು ಬಿಟ್ಟು ಬೇರೆ ಯಾವಾಗ ಬಂದರೂ ಒತ್ತಬಾರದು.

ನನ್ನ ಖಾತೆ 38 ಜಿಬಿ ತೋರಿಸುತ್ತಿತ್ತು, ಬಂದದ್ದು 46. 2021ರ ಜೂನ್ 1ಕ್ಕೆ ಮೊದಲು ಫೋಟೋಸಿನ "High quality" ಆಯ್ಕೆಯಲ್ಲಿ ಹಾಕಿದ್ದು ಸ್ಟೋರೇಜ್ ಲೆಕ್ಕಕ್ಕೆ ಸೇರುವುದಿಲ್ಲ, ಇಳಿಸುವಾಗ ಮಾತ್ರ ಬರುತ್ತದೆ. ಹಾಗಾಗಿ ಪೆನ್‌ಡ್ರೈವ್ ಸ್ವಲ್ಪ ದೊಡ್ಡದೇ ತನ್ನಿ. ನಾನು 128 ಜಿಬಿಯದು, ಫೋನಿಗೆ ನೇರ ಸಿಕ್ಕಿಸುವಂಥದ್ದು ತಂದೆ. ಎರಡೆರಡು ಜಿಬಿಯ 23 ಫೈಲ್. ನಮ್ಮ ವೈಫೈ ರಾತ್ರಿ ಹೊತ್ತು 5 ಎಂಬಿಪಿಎಸ್ ಕೊಟ್ಟರೆ ಒಂದು ಫೈಲಿಗೆ ಮುಕ್ಕಾಲು ಗಂಟೆ ದಾಟಿ ಒಂದು ಗಂಟೆಯ ಹತ್ತಿರ ಹೋಗುತ್ತದೆ. ಒಟ್ಟು ಸುಮಾರು ಇಪ್ಪತ್ತೊಂದು ಗಂಟೆ. ದಿನಕ್ಕೆ ನಾಲ್ಕು ಇಳಿಸಿದರೆ ವಾರದೊಳಗೆ ಮುಗಿಯುತ್ತದೆ. ಒಂದೇ ಫೈಲನ್ನು ಎಷ್ಟು ಸಲ ಇಳಿಸಬಹುದು ಎನ್ನುವುದಕ್ಕೂ ಮಿತಿ ಇದೆ, ಸಿಗ್ನಲ್ ಕೆಟ್ಟಾಗ ಶುರು ಮಾಡಬೇಡಿ. ಒಂದು ಇಳಿದ ಕೂಡಲೇ ಪೆನ್‌ಡ್ರೈವಿಗೆ ಸಾಗಿಸಿ ಫೋನಿನಲ್ಲಿ ಜಾಗ ಮಾಡಿ.

ಇಳಿದದ್ದು ಸರಿ ಇದೆಯಾ ಅಂತ ಆಯಾ ದಿನವೇ ನೋಡಬೇಕು. ಫೈಲ್ಸ್ ಆ್ಯಪಿನಲ್ಲಿ ಜಿಪ್ ಬಿಡಿಸಿ. ಅರ್ಧಕ್ಕೆ ನಿಂತ ಫೈಲ್ ಬಿಡಿಸಲು ಹೋದರೆ ಎರರ್ ಬರುತ್ತದೆ. ಬಿಡಿಸಲು ಇನ್ನೂ ಎರಡು ಜಿಬಿ ಖಾಲಿ ಬೇಕು. ಒಳಗೆ ಒಂದೊಂದು ವಿಡಿಯೋದ ಜೊತೆ .json ಎನ್ನುವ ಸಣ್ಣ ಫೈಲ್ ಇರುತ್ತದೆ, ಅದನ್ನು ಕಸ ಅಂದುಕೊಂಡು ಎಸೆಯಬೇಡಿ. ವಿಡಿಯೋ ತೆಗೆದ ತಾರೀಖು ಅದರಲ್ಲಿರುತ್ತದೆ. ಅದು ಹೋದರೆ ಕೆಲವು ವಿಡಿಯೋಗಳು ಡೌನ್‌ಲೋಡ್ ಮಾಡಿದ ದಿನವನ್ನೇ ತೋರಿಸುತ್ತವೆ, ಮಗಳಿಗೆ ಆಗ ಎಷ್ಟು ತಿಂಗಳು ಅನ್ನುವುದು ತಿಳಿಯುವುದಿಲ್ಲ. ವಾಟ್ಸಾಪಿನದ್ದಾದರೆ VID-20210415-WA0003 ಅಂತ ಹೆಸರಿನಲ್ಲೇ ತಾರೀಖು ಸಿಗುತ್ತದೆ.

ಎಲ್ಲವೂ ಪೆನ್‌ಡ್ರೈವಿನಲ್ಲಿ ಬಂದ ಮೇಲೂ ಖಾತೆಯಲ್ಲಿರುವುದನ್ನು ನಾನಾಗಿ ಅಳಿಸಲಿಲ್ಲ. ಪೆನ್‌ಡ್ರೈವ್ ಯಾವತ್ತು ಕೈಕೊಡುತ್ತದೆ ಹೇಳಲಾಗದು, ಅದಕ್ಕೆ ಇನ್ನೊಂದು ತಂದು ಪ್ರತಿ ಮಾಡಿ, ರಜೆಗೆ ಹೊರಟ ರೂಮಿನವರ ಕೈಯಲ್ಲಿ ಮನೆಗೆ ಕಳಿಸಿದೆ. ಅದು ಅಲ್ಲಿ ತೆರೆಯಿತು ಅಂತ ಹೆಂಡತಿ ಹೇಳಿದ ಮೇಲೆಯೇ ಖಾತೆಯ ಯೋಚನೆ ಬಿಟ್ಟೆ.

ನಿಮಗೆ ಬಂದ ಎಚ್ಚರಿಕೆಯಲ್ಲಿ ತಾರೀಖು ಯಾವುದು, one.google.com/storage ಪುಟದಲ್ಲಿ ಎಷ್ಟು ಜಿಬಿ ತೋರಿಸುತ್ತದೆ, ಎರಡನ್ನೂ ನೋಡಿ ಬರೆಯಿರಿ. ದಿನಕ್ಕೆ ಎಷ್ಟು ಫೈಲ್ ಇಳಿಸಬೇಕು ಅಂತ ಲೆಕ್ಕ ಹಾಕಿ ಹೇಳುತ್ತೇನೆ.