ಹಸಿ ಕಳಲೆ ತಿನ್ನಬಹುದಾ? ಬೇಯಿಸಲೇಬೇಕು ಅಂತಾರಲ್ಲ, ಯಾಕೆ?

"ಗಾಂಧಿ ಬಜಾರಿನಲ್ಲಿ ಕಳಲೆ ಸಿಕ್ಕಿತು. ಸೌತೆಕಾಯಿ ಥರ ಹೆಚ್ಚಿ ಹಸಿಯಾಗೇ ಕೋಸಂಬರಿಗೆ ಹಾಕಬಹುದಾ? ಬೇಯಿಸಲೇಬೇಕು ಅಂದರೆ ಯಾಕೆ?"

ಬೇಡ, ಹಸಿಯಾಗಿ ಒಂದು ಹೋಳನ್ನೂ ತಿನ್ನಬೇಡಿ. ಎಳೆ ಬಿದಿರಿನಲ್ಲಿ ಟ್ಯಾಕ್ಸಿಫಿಲಿನ್ ಎಂಬ ಕಹಿ ಪದಾರ್ಥ ಇರುತ್ತದೆ, ತುದಿಯ ಕಡೆ ಹೆಚ್ಚು. ಅದು ತನ್ನಷ್ಟಕ್ಕೆ ಸುಮ್ಮನಿರುತ್ತದೆ. ಚಾಕು ಅಥವಾ ಹಲ್ಲು ತಾಗಿ ಜೀವಕೋಶ ಒಡೆದಾಗ ಕಳಲೆಯಲ್ಲೇ ಇರುವ ಕಿಣ್ವ ಅದನ್ನು ಸೀಳುತ್ತದೆ, ಸಯನೈಡ್ ಹೊರಬರುತ್ತದೆ. ಹಸಿಯಾಗಿ ತಿಂದರೆ ಈ ಕೆಲಸ ನಿಮ್ಮ ಹೊಟ್ಟೆಯಲ್ಲಿ ನಡೆಯುತ್ತದೆ.

ನಮ್ಮ ಮನೆ ಸಾಗರದ ಕಡೆಯದು. ಅಮ್ಮ ಕಳಲೆಯನ್ನು ಹೆಚ್ಚಿ ನೀರಿನಲ್ಲಿ ಹಾಕಿಡದೆ ಒಲೆಗೆ ಏರಿಸಿದ್ದೇ ಇಲ್ಲ. ಅದರ ಹಿಂದಿನ ಲೆಕ್ಕ ನನಗೆ ಗೊತ್ತಾಗಿದ್ದು ಆಹಾರ ರಸಾಯನಶಾಸ್ತ್ರ ಓದುವಾಗ. ತೆಳ್ಳಗೆ ಹೆಚ್ಚಿದಷ್ಟೂ ಕಿಣ್ವಕ್ಕೆ ಕೆಲಸ ಸಿಗುತ್ತದೆ, ಬಿಡುಗಡೆಯಾದ ವಿಷ ನೀರಿಗೆ ಇಳಿಯುತ್ತದೆ. ಉಳಿದದ್ದನ್ನು ಬಿಸಿ ನೋಡಿಕೊಳ್ಳುತ್ತದೆ. ಕುದಿಯುವ ಶಾಖಕ್ಕೆ ಟ್ಯಾಕ್ಸಿಫಿಲಿನ್ ತಾನಾಗಿಯೇ ಒಡೆಯುತ್ತದೆ. ಹೈಡ್ರೋಜನ್ ಸಯನೈಡ್ ಅಂತೂ ಸುಮಾರು 26 ಡಿಗ್ರಿಗೇ ಕುದಿಯುವಂಥದ್ದು, ಹಬೆಯ ಜೊತೆ ಹಾರಿಹೋಗುತ್ತದೆ. ಮರಗೆಣಸಿನಲ್ಲಿರುವ ಇದೇ ಜಾತಿಯ ವಿಷ ಶಾಖಕ್ಕೆ ಇಷ್ಟು ಸುಲಭವಾಗಿ ಬಗ್ಗುವುದಿಲ್ಲ, ಆ ಮಟ್ಟಿಗೆ ಕಳಲೆ ಸಲೀಸು.

ನೀವು ಅರ್ಧ ಕೆಜಿ ತಂದಿದ್ದೀರಿ ಅಂದುಕೊಳ್ಳಿ. ಹೊರಗಿನ ಪೊರೆಗಳನ್ನೆಲ್ಲ ಬಿಚ್ಚಿ, ಬುಡದ ನಾರು ಗಟ್ಟಿಯಾದ ಭಾಗ ಕತ್ತರಿಸಿ ಬಿಸಾಡಿದರೆ ಅರ್ಧ ಅಥವಾ ಅದಕ್ಕಿಂತ ಕಡಿಮೆಯೇ ಉಳಿಯುತ್ತದೆ. ಅದನ್ನು ತೆಳ್ಳಗೆ ಹೆಚ್ಚಿ, ಮುಳುಗುವಷ್ಟು ನೀರಿನಲ್ಲಿ ಎರಡು ದಿನ ಇಡಿ. ಬೆಳಿಗ್ಗೆ, ಸಂಜೆ ನೀರು ಬದಲಿಸಿ. ಆಮೇಲೆ ಹೊಸ ನೀರು, ಚೂರು ಉಪ್ಪು ಹಾಕಿ ದೊಡ್ಡ ಪಾತ್ರೆಯಲ್ಲಿ 20 ನಿಮಿಷ ಕುದಿಸಿ, ಬಸಿದು, ಮತ್ತೆ ಹೊಸ ನೀರಿನಲ್ಲಿ 10–15 ನಿಮಿಷ ಕುದಿಸಿ ಬಸಿಯಿರಿ. ಮುಚ್ಚಳ ತೆಗೆದಿರಲಿ, ಅಡುಗೆಮನೆ ಕಿಟಕಿಯೂ ತೆರೆದಿರಲಿ. ಇದಾದ ಮೇಲೆಯೇ ಹುಳಿಯೋ ಪಲ್ಯವೋ.

ಜನ ಎಡವುವುದು ಕುಕ್ಕರಿನಲ್ಲಿ. ನೆನೆಸದೆ ದಪ್ಪ ತುಂಡು ಮಾಡಿ ಎರಡು ಸೀಟಿ ಕೂಗಿಸಿ, ಅದೇ ನೀರಿಗೆ ಸಾಂಬಾರು ಪುಡಿ ಹಾಕುತ್ತಾರೆ. ದಪ್ಪ ತುಂಡಿನ ಒಳಗೆ ಕಿಣ್ವ ಕೆಲಸ ಮುಗಿಸುವ ಮೊದಲೇ ಬೆಂದು ಸಾಯುತ್ತದೆ, ಹೊರಗೆ ಹೋಗಬೇಕಿದ್ದ ವಿಷಕ್ಕೆ ದಾರಿ ಕಡಿಮೆ, ನೀರಿಗಿಳಿದದ್ದು ತಟ್ಟೆಗೇ ಬರುತ್ತದೆ. ಬೇಯಿಸಿದ ಹೋಳು ನಾಲಿಗೆಗೆ ಕಹಿ ಹತ್ತಿದರೆ ಉಗಿದು, ಪಾತ್ರೆಯಲ್ಲಿದ್ದುದನ್ನೆಲ್ಲ ಇನ್ನೊಮ್ಮೆ ಕುದಿಸಿ. ಕಹಿ ಇಲ್ಲ ಅಂತ ಕುದಿಸುವುದನ್ನು ಬಿಡಬೇಡಿ, ನಾಲಿಗೆಯ ಪರೀಕ್ಷೆ ಕೊನೆಯದು, ಅದೊಂದನ್ನೇ ನಂಬುವಂತಿಲ್ಲ.

ಯಾರಾದರೂ ಹಸಿಯಾಗಿ ತಿಂದು ತಲೆನೋವು, ತಲೆಸುತ್ತು, ವಾಂತಿ, ಉಸಿರಾಟದ ತೊಂದರೆ ಶುರುವಾದರೆ ಮಜ್ಜಿಗೆ ಕುಡಿಸುತ್ತ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಕರೆದೊಯ್ದು "ಹಸಿ ಕಳಲೆ ತಿಂದಿದ್ದಾರೆ" ಅಂತಲೇ ಹೇಳಿ. ಇನ್ನೊಂದು: ನೆನೆಸಿದ ನೀರನ್ನು ಮೋರಿಗೆ ಚೆಲ್ಲಿ. ಬೀದಿ ಹಸುಗಳಿಗೆ ತರಕಾರಿ ಸಿಪ್ಪೆ ಹಾಕುವ ಅಭ್ಯಾಸ ನಿಮಗಿದ್ದರೆ, ಹಸಿ ಕಳಲೆಯ ತುಂಡುಗಳನ್ನು ಅದರಲ್ಲಿ ಸೇರಿಸಬೇಡಿ.