ಸಿಡಿಲು ಬಡಿದ ಕಾರ್ಯಕ್ರಮದ ವರದಿ: ‘ಮುನ್ಸೂಚನೆ ಇರಲಿಲ್ಲ’ ಅಂತ ಬರೆದರೆ ನಡೆಯುತ್ತಾ?

ಪ್ರಶ್ನೆ: ಬಯಲಿನಲ್ಲಿ ನಮ್ಮ ಸಮಿತಿ ಸಂಗೀತ ಕಾರ್ಯಕ್ರಮ ಮಾಡಿತ್ತು, ಸುಮಾರು 3000 ಜನ ಇದ್ದರು. ಬೆಳಿಗ್ಗೆಯ ಮುನ್ಸೂಚನೆಯಲ್ಲಿ ‘ಸಂಜೆ ಗುಡುಗು ಮಳೆ ಸಾಧ್ಯತೆ’ ಅಂತ ಮಾತ್ರ ಇತ್ತು. 4:20ಕ್ಕೆ ಮೊಬೈಲಿಗೆ ಸಿಡಿಲಿನ ಎಚ್ಚರಿಕೆ ಬಂತು. 4:40ರ ಹೊತ್ತಿಗೆ ಗುಡುಗು ಕೇಳಿಸಿತು, 5:05ಕ್ಕೆ ಕಾರ್ಯಕ್ರಮ ನಿಲ್ಲಿಸಿ 400 ಮೀಟರ್ ದೂರದ ಶಾಲೆಗೆ ಹೋಗಿ ಅಂತ ಹೇಳಿದೆವು. 5:12ಕ್ಕೆ ಮೈದಾನದ ಮರಕ್ಕೆ ಸಿಡಿಲು ಬಡಿಯಿತು. 11 ಜನಕ್ಕೆ ಗಾಯವಾಗಿದೆ, ಒಬ್ಬರು ಐಸಿಯುನಲ್ಲಿದ್ದಾರೆ. ಈಗ ವರದಿ ಕೊಡಿ ಅಂತಿದ್ದಾರೆ. ಸಮಿತಿಯ ಕೆಲವರು ‘ಸ್ಪಷ್ಟ ಮುನ್ಸೂಚನೆ ಇರಲಿಲ್ಲ, ಸಮಯಕ್ಕೆ ಸರಿಯಾಗಿ ನಿಲ್ಲಿಸಿದೆವು, ಇದು ಪ್ರಕೃತಿ ವಿಕೋಪ’ ಅಂತ ಬರೆದು ಮುಗಿಸೋಣ ಅನ್ನುತ್ತಾರೆ. ಹಾಗೆ ಬರೆಯಬಹುದಾ?

ಉತ್ತರ: ಬೇಡ. ಆ ಮೂರರಲ್ಲಿ ಮೊದಲಿನ ಎರಡು ಮಾತು ನೀವೇ ಕೊಟ್ಟಿರುವ ಸಮಯಗಳ ಮುಂದೆ ನಿಲ್ಲುವುದಿಲ್ಲ. ಅವು ಬಿದ್ದ ಮೇಲೆ ಮೂರನೆಯದನ್ನು ಯಾರೂ ಕೇಳುವುದಿಲ್ಲ.

ಬೆಳಿಗ್ಗೆಯ ಮುನ್ಸೂಚನೆ ಹೇಳುವುದು ಒಂದು ಇಡೀ ಪ್ರದೇಶಕ್ಕೆ, ಒಂದು ಇಡೀ ಸಂಜೆಗೆ. ನಿಮ್ಮ ಮೈದಾನಕ್ಕೆ ಎಷ್ಟು ಗಂಟೆಗೆ ಸಿಡಿಲು ಬರುತ್ತದೆ ಅಂತ ಅದು ಹೇಳುವುದೇ ಇಲ್ಲ, ಹೇಳಬೇಕು ಅಂತ ಕಾಯುವುದೂ ತಪ್ಪು. ಅದರ ಕೆಲಸ ಇಷ್ಟೇ: ಇವತ್ತು ಒಬ್ಬರು ಆಕಾಶ ಮತ್ತು ಮೊಬೈಲ್ ನೋಡುತ್ತಾ ಕೂರಬೇಕು ಅಂತ ನಿಮಗೆ ತಿಳಿಸುವುದು. ವರದಿಯಲ್ಲಿ ಬರೆಯಬೇಕಾದ್ದು ಅದನ್ನೇ. ಆ ದಿನ ಆ ಕೆಲಸ ಯಾರಿಗೆ ಒಪ್ಪಿಸಿದ್ದಿರಿ? ಅವರಿಗೆ ಕಾರ್ಯಕ್ರಮ ನಿಲ್ಲಿಸುವ ಅಧಿಕಾರ ಇತ್ತಾ? ಯಾರಿಗೂ ಒಪ್ಪಿಸಿರಲಿಲ್ಲ ಅಂದರೆ ‘ಯಾರನ್ನೂ ನೇಮಿಸಿರಲಿಲ್ಲ’ ಅಂತಲೇ ಬರೆಯಿರಿ. ಓದುವವರು ಅದನ್ನು ಹೇಗೂ ಪತ್ತೆ ಮಾಡುತ್ತಾರೆ.

4:20ರ ಎಚ್ಚರಿಕೆಯ ಕಥೆ ಬೇರೆ. ಅದು ಮುಂದಿನ ಒಂದೆರಡು ಗಂಟೆಗೆ, ರೇಡಾರ್‌ನಲ್ಲಿ ಮೋಡ ಕಂಡ ಮೇಲೆ ಕೊಡುವ ಎಚ್ಚರಿಕೆ. ಅದರ ಪೂರ್ತಿ ಪಠ್ಯವನ್ನು ಇದ್ದ ಹಾಗೇ ವರದಿಗೆ ಸೇರಿಸಿ, ನಿಮ್ಮ ಮಾತಿನಲ್ಲಿ ಸಾರಾಂಶ ಬೇಡ. ಅದು ಯಾರ ಫೋನಿಗೆ ಬಂತು, ಅವರು ಯಾವಾಗ ನೋಡಿದರು, ಯಾರಿಗೆ ಹೇಳಿದರು, ವೇದಿಕೆಯ ಹತ್ತಿರ ಇದ್ದವರಿಗೆ ಯಾವಾಗ ಗೊತ್ತಾಯಿತು ಅಂತ ಒಂದರ ಕೆಳಗೊಂದು ಬರೆಯಿರಿ. ಸಮಿತಿಯ ವಾಟ್ಸಾಪ್ ಗುಂಪಿನ ಮಾತುಕತೆಯನ್ನು ಈಗಲೇ ಎಕ್ಸ್‌ಪೋರ್ಟ್ ಮಾಡಿ ಇಟ್ಟುಕೊಳ್ಳಿ. ಯಾರಾದರೂ ‘ಸುಮ್ನೆ ಡಿಲೀಟ್ ಮಾಡಿಬಿಡೋಣ’ ಅಂದರೆ ಖಂಡಿತ ಬಿಡಬೇಡಿ, ಅಳಿಸಿದ ಮೆಸೇಜಿನಷ್ಟು ಅನುಮಾನ ಹುಟ್ಟಿಸುವುದು ಬೇರೆ ಇಲ್ಲ.

ಇನ್ನು ‘ಸಮಯಕ್ಕೆ ಸರಿಯಾಗಿ ನಿಲ್ಲಿಸಿದೆವು’ ಅನ್ನುವುದು. ನಿಮ್ಮ ವರದಿಯ ಹೃದಯ ಇಲ್ಲೇ ಇದೆ, ಆದ್ದರಿಂದ ಸ್ವಲ್ಪ ಲೆಕ್ಕ ಮಾಡೋಣ. ಕಾರ್ಯಕ್ರಮ ನಿಲ್ಲಿಸುವುದು ಬೇರೆ, ಜನ ಸೂರಿನ ಕೆಳಗೆ ಸೇರುವುದು ಬೇರೆ. ಮೈದಾನಕ್ಕೆ 3 ಮೀಟರ್ ಅಗಲದ ಒಂದೇ ಗೇಟ್ ತೆರೆದಿತ್ತು ಅಂತ ಇಟ್ಟುಕೊಳ್ಳಿ, ನಿಮ್ಮಲ್ಲಿ ಬೇರೆ ಅಳತೆ ಇದ್ದರೆ ಅದನ್ನು ಹಾಕಿ. ಸಮತಟ್ಟು ನೆಲದಲ್ಲಿ ಒಂದು ಮೀಟರ್ ಅಗಲದಲ್ಲಿ ನಿಮಿಷಕ್ಕೆ ಹೆಚ್ಚೆಂದರೆ 82 ಜನ ಹಾದುಹೋಗುತ್ತಾರೆ ಅಂತ ಕ್ರೀಡಾಂಗಣಗಳ ಸುರಕ್ಷತೆಯ ಲೆಕ್ಕದಲ್ಲಿ ಹಿಡಿಯುತ್ತಾರೆ. ಮೂರು ಮೀಟರಿಗೆ 246. ಅಂದರೆ 3000 ಜನ ಗೇಟ್ ದಾಟಲು 12 ನಿಮಿಷ. ಆಮೇಲೆ 400 ಮೀಟರ್ ನಡಿಗೆಗೆ ಐದೂವರೆ, ಆರು ನಿಮಿಷ. ಘೋಷಣೆ ಕೇಳಿ, ಮಕ್ಕಳನ್ನು ಚೀಲಗಳನ್ನು ಎತ್ತಿಕೊಂಡು ಹೊರಡಲು ಮೂರು ನಿಮಿಷ. ಒಟ್ಟು 21 ನಿಮಿಷ, ಅದೂ ಯಾರೂ ಎಡವದೆ, ಮಳೆ ಶುರುವಾಗದೆ ಇದ್ದರೆ. 5:05ಕ್ಕೆ ನಿಲ್ಲಿಸಿದರೆ ಕೊನೆಯವರು ಶಾಲೆ ಸೇರುವುದು 5:26ಕ್ಕೆ. ಸಿಡಿಲು ಬಿದ್ದಿದ್ದು 5:12ಕ್ಕೆ, ಆಗ ಬಹುಪಾಲು ಜನ ಇನ್ನೂ ಗೇಟಿನ ಒಳಗೇ ಇದ್ದರು.

ಈಗ ಇದೇ ಲೆಕ್ಕವನ್ನು 4:20ರಿಂದ ಮಾಡಿ ನೋಡಿ. ಆಗಲೇ ನಿರ್ಧಾರ ಮಾಡಿದ್ದರೆ 4:41ಕ್ಕೆ ಎಲ್ಲರೂ ಒಳಗೆ, ಹೆಚ್ಚು ಕಡಿಮೆ ಮೊದಲ ಗುಡುಗು ಕೇಳಿಸುವ ಹೊತ್ತಿಗೆ. ಎಚ್ಚರಿಕೆಗೂ ಸಿಡಿಲಿಗೂ ನಡುವೆ 52 ನಿಮಿಷ ಇತ್ತು. ಬೇಕಾಗಿದ್ದು 21. ಇದನ್ನು ನೀವೇ ವರದಿಯಲ್ಲಿ ಬರೆದರೆ ಒಳ್ಳೆಯದು, ಇನ್ನೊಬ್ಬರು ಲೆಕ್ಕ ಹಾಕಿ ನಿಮ್ಮ ಮುಂದೆ ಹಿಡಿಯುವವರೆಗೆ ಕಾಯಬೇಡಿ.

‘ಗುಡುಗು ಕೇಳಿದ ಮೇಲೆ ನಿಲ್ಲಿಸುವುದು ನಿಯಮ ತಾನೇ?’ ಅಂತ ಕೇಳಬಹುದು. ಮಿಂಚಿಗೂ ಗುಡುಗಿಗೂ ನಡುವೆ 30 ಸೆಕೆಂಡ್ ಅಂದರೆ ಸಿಡಿಲು ಸುಮಾರು 10 ಕಿಲೋಮೀಟರ್ ದೂರ ಇದೆ, ತಕ್ಷಣ ಒಳಗೆ ಹೋಗಿ ಅಂತ ಹೇಳುವ ನಿಯಮ ಇದೆ ನಿಜ. ಅದು ಎರಡು ನಿಮಿಷದಲ್ಲಿ ಮನೆಯೊಳಗೆ ಓಡುವವರಿಗೆ ಸರಿಹೋಗುತ್ತದೆ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಬರುವ ಮೋಡ 21 ನಿಮಿಷದಲ್ಲಿ 14 ಕಿಲೋಮೀಟರ್ ಸಾಗುತ್ತದೆ. ಆ 10ಕ್ಕೆ ಈ 14 ಸೇರಿಸಿದರೆ, ನಿಮ್ಮಷ್ಟು ಜನಕ್ಕೆ ಅದು 24 ಕಿಲೋಮೀಟರ್ ದೂರ ಇರುವಾಗಲೇ ತೀರ್ಮಾನ ಆಗಬೇಕಿತ್ತು. ಅಷ್ಟು ದೂರದ ಗುಡುಗು ಸಾಮಾನ್ಯವಾಗಿ ಕಿವಿಗೆ ಬೀಳುವುದೇ ಇಲ್ಲ, 15 ಕಿಲೋಮೀಟರ್ ಆಚೆಯದು ಕೇಳಿಸುವುದು ಅಪರೂಪ. ಅದಕ್ಕೇ ದೊಡ್ಡ ಗುಂಪಿಗೆ ಕಿವಿಯ ಬದಲು ಸಿಡಿಲು ಪತ್ತೆ ಜಾಲದ ಮಾಹಿತಿ ಬೇಕು ಅನ್ನುವುದು.

ನಿಲ್ಲಿಸಿದರೆ ಸಾಕಾಗುವುದಿಲ್ಲ ಅನ್ನುವುದಕ್ಕೆ ಒಂದು ನಿಜ ಉದಾಹರಣೆ ಇದೆ. 2019ರ ಆಗಸ್ಟ್ 24, ಅಮೆರಿಕದ ಅಟ್ಲಾಂಟಾದ ಈಸ್ಟ್ ಲೇಕ್ ಮೈದಾನದಲ್ಲಿ ಟೂರ್ ಚಾಂಪಿಯನ್‌ಶಿಪ್ ಗಾಲ್ಫ್ ನಡೆಯುತ್ತಿತ್ತು. 4:17ಕ್ಕೆ ಆಟ ನಿಲ್ಲಿಸಿದರು. 4:45ಕ್ಕೆ ಒಂದು ಮರಕ್ಕೆ ಸಿಡಿಲು ಬಡಿದು, ಸಿಡಿದ ಚೂರುಗಳಿಂದ ಆರು ಜನಕ್ಕೆ ಗಾಯವಾಯಿತು. ನಡುವೆ 28 ನಿಮಿಷ ಇತ್ತು, ಆದರೂ ಮಳೆಗೆ ಮರದ ಹತ್ತಿರ ನಿಂತವರಿದ್ದರು. ನಿಮ್ಮಲ್ಲೂ ಹಾಗೇ ಆಗಿರಬಹುದು ಅಲ್ವಾ?

ಅದಕ್ಕೇ ವರದಿಯಲ್ಲಿ ಆಸರೆಯ ಬಗ್ಗೆ ಬರೆಯುವಾಗ ನಿಜವಾದ ಆಸರೆಯ ಪಟ್ಟಿ ಮಾತ್ರ ಸಾಕು. ನಾಲ್ಕು ಗೋಡೆ, ಛಾವಣಿ, ವೈರಿಂಗ್, ನಲ್ಲಿ ಪೈಪ್ ಇರುವ ಕಟ್ಟಡ, ಇಲ್ಲವೇ ಲೋಹದ ಮೇಲ್ಛಾವಣಿ ಇರುವ, ಗಾಜು ಏರಿಸಿದ ಕಾರು, ಬಸ್ಸು. ಶಾಮಿಯಾನ, ಟೆಂಟ್, ವೇದಿಕೆಯ ಛಾವಣಿ, ಬದಿ ತೆರೆದ ಬಸ್ ನಿಲ್ದಾಣ ಇದ್ಯಾವುದೂ ಲೆಕ್ಕಕ್ಕಿಲ್ಲ. ಮಳೆ ತಡೆಯುತ್ತವೆ, ಸಿಡಿಲನ್ನಲ್ಲ. ಶಾಲೆಯಲ್ಲಿ ಎಷ್ಟು ಜನ ಹಿಡಿಸುತ್ತಿದ್ದರು, ಬೀಗ ಯಾರ ಹತ್ತಿರ ಇತ್ತು, 5:05ಕ್ಕೆ ಬಾಗಿಲು ತೆರೆದಿತ್ತಾ ಅಂತಲೂ ಬರೆಯಿರಿ. ಬೀಗದ ವಿಷಯ ಸಣ್ಣದಾಗಿ ಕಾಣಬಹುದು, ಆದರೆ 400 ಮೀಟರ್ ಓಡಿ ಬಂದು ಮುಚ್ಚಿದ ಬಾಗಿಲು ನೋಡಿದವರು ಮತ್ತೆ ಮರದ ಕೆಳಗೇ ಹೋಗುತ್ತಾರೆ.

ಸಮಯಗಳ ಬಗ್ಗೆ ಒಂದು ಮಾತು. ನಿಮ್ಮ ಫೋನ್, ಸಿಸಿ ಕ್ಯಾಮೆರಾ, ಆಂಬುಲೆನ್ಸ್ ದಾಖಲೆ ಮೂರೂ ಒಂದೇ ಗಡಿಯಾರದಲ್ಲಿ ಇರುವುದಿಲ್ಲ. ಸಿಸಿ ಕ್ಯಾಮೆರಾದ ಗಡಿಯಾರ ಅಂತೂ ಐದಾರು ನಿಮಿಷ ಹಿಂದೆ ಮುಂದೆ ಇರುವುದು ಮಾಮೂಲಿ. ಅದರ ಪರದೆಯ ಪಕ್ಕ ನೆಟ್‌ವರ್ಕ್ ಸಮಯ ತೋರಿಸುವ ಫೋನ್ ಹಿಡಿದು ಎರಡೂ ಕಾಣುವ ಹಾಗೆ ಒಂದು ಫೋಟೋ ತೆಗೆಯಿರಿ, ವ್ಯತ್ಯಾಸ ಎಷ್ಟು ಅಂತ ವರದಿಯಲ್ಲಿ ಹಾಕಿ. ಸಿಡಿಲು ಪತ್ತೆ ಜಾಲದಿಂದ ಆ ಸಂಜೆಯ 3ರಿಂದ 6 ಗಂಟೆವರೆಗಿನ, ಮೈದಾನದ ಸುತ್ತ 30 ಕಿಲೋಮೀಟರಿನ ಮಾಹಿತಿ ಕೇಳಿ. ಸಾಮಾನ್ಯವಾಗಿ ಅದು UTC ಅನ್ನುವ ಅಂತರರಾಷ್ಟ್ರೀಯ ಸಮಯದಲ್ಲಿ ಬರುತ್ತದೆ, ಸ್ಥಳೀಯ ಸಮಯಕ್ಕೆ ಬದಲಾಯಿಸಲು ಮರೆತರೆ ಇಡೀ ಲೆಕ್ಕ ತಲೆಕೆಳಗು. ಪ್ರತಿ ಸಿಡಿಲಿನ ಜಾಗದಲ್ಲಿ ನೂರಾರು ಮೀಟರ್ ಹೆಚ್ಚು ಕಡಿಮೆ ಇರಬಹುದು, ಆದ್ದರಿಂದ ಆ ಮರವೇ ಅಂತ ಹೇಳಲು ಸೀಳಿದ ತೊಗಟೆ, ಸುಟ್ಟ ಕೇಬಲ್‌ಗಳ ಫೋಟೋ ಬೇಕು. ಮೈದಾನ ಸ್ವಚ್ಛ ಮಾಡುವ ಮೊದಲು ತೆಗೆಯಿರಿ.

ಗಾಯಾಳುಗಳ ಬಗ್ಗೆ ಬರೆಯುವಾಗ ಪ್ರತಿಯೊಬ್ಬರೂ ಎಲ್ಲಿ ನಿಂತಿದ್ದರು ಅನ್ನುವುದನ್ನು ಮೈದಾನದ ನಕ್ಷೆಯಲ್ಲಿ ಗುರುತು ಮಾಡಿ. ಹೆಸರು ಬೇಡ, ಗಾಯಾಳು 1, 2 ಅಂತ ಸಾಕು. ಹೆಸರಿನ ಪಟ್ಟಿ ಬೇರೆ ಲಕೋಟೆಯಲ್ಲಿ ಹೋಗಲಿ. ನಕ್ಷೆ ಯಾಕೆ ಅಂದರೆ, ಸಿಡಿಲಿನಲ್ಲಿ ಜಾಸ್ತಿ ಜನಕ್ಕೆ ಪೆಟ್ಟಾಗುವುದು ನೇರವಾಗಿ ಬಡಿದು ಅಲ್ಲ. ಮರಕ್ಕೆ ಬಡಿದದ್ದು ನೆಲದಲ್ಲಿ ಸುತ್ತ ಹರಡುತ್ತದೆ, ಒಂದು ಪಾದದಿಂದ ಹತ್ತಿ ಇನ್ನೊಂದರಿಂದ ಇಳಿಯುತ್ತದೆ. ಇಲ್ಲವೇ ಮರದಿಂದ ಪಕ್ಕದವರಿಗೆ ಹಾರುತ್ತದೆ. ಯಾರಾದರೂ ಬ್ಯಾರಿಕೇಡ್ ಹಿಡಿದು ನಿಂತಿದ್ದರೆ ಅದನ್ನೂ ಗುರುತಿಸಿ, ಲೋಹದ ಮೂಲಕ ದೂರದವರೆಗೂ ಪೆಟ್ಟು ತಲುಪುತ್ತದೆ.

ಐಸಿಯುನಲ್ಲಿರುವವರ ವಿಷಯ ವಿವರವಾಗಿ ಬರೆಯಿರಿ. ಸಿಡಿಲಿಗೆ ನಿಂತ ಹೃದಯ ಕೆಲವೊಮ್ಮೆ ತಾನಾಗಿಯೇ ಮತ್ತೆ ಬಡಿಯಲು ಶುರು ಮಾಡುತ್ತದೆ, ಆದರೆ ಉಸಿರಾಟ ಅಷ್ಟು ಬೇಗ ಬರುವುದಿಲ್ಲ, ಆಮ್ಲಜನಕ ಸಿಗದೆ ಹೃದಯ ಎರಡನೇ ಸಲ ನಿಲ್ಲುತ್ತದೆ. ಅದಕ್ಕೇ ಇಲ್ಲಿ ಸರದಿ ತಿರುಗುಮುರುಗು: ಕೂಗುತ್ತಿರುವವರನ್ನು ಬಿಟ್ಟು, ಸತ್ತಂತೆ ಬಿದ್ದವರ ಹತ್ತಿರ ಮೊದಲು ಹೋಗಬೇಕು. ಯಾರು ಮೊದಲು ಮುಟ್ಟಿದರು, ಸಿಪಿಆರ್ ಎಷ್ಟು ಗಂಟೆಗೆ ಶುರುವಾಯಿತು, ‘ಮುಟ್ಟಬೇಡಿ, ಶಾಕ್ ಹೊಡೆಯುತ್ತೆ’ ಅಂತ ಯಾರಾದರೂ ತಡೆದರಾ ಅಂತ ಕೇಳಿ ಬರೆಯಿರಿ. ಸಿಡಿಲು ಬಡಿದವರ ಮೈಯಲ್ಲಿ ಕರೆಂಟ್ ಉಳಿದಿರುವುದಿಲ್ಲ, ಆದರೂ ಈ ಹೆದರಿಕೆಯಲ್ಲೇ ನಿಮಿಷಗಳು ಕಳೆದುಹೋಗುತ್ತವೆ.

ಕೊನೆಗೆ ಸಂಖ್ಯೆ. 11 ಅನ್ನುವುದನ್ನು ‘ಇವತ್ತಿನವರೆಗೆ’ ಅಂತ ಬರೆಯಿರಿ. ಕಾಲು ಮರಗಟ್ಟಿ ಕೆಲವು ಗಂಟೆಯಲ್ಲಿ ಸರಿಹೋಗಿ ಮನೆಗೆ ನಡೆದು ಹೋದವರು ಇರುತ್ತಾರೆ. ಕಿವಿತಮಟೆ ಹರಿದಿದ್ದು ಕೆಲವರಿಗೆ ಮಾರನೇ ದಿನ ಗೊತ್ತಾಗುತ್ತದೆ. ಮರೆವು, ನಿದ್ದೆ ಕೆಡುವುದು, ನರಗಳ ನೋವು ವಾರಗಳಾದ ಮೇಲೂ ಕಾಣಿಸಿಕೊಳ್ಳಬಹುದು. ಟಿಕೆಟ್ ಅಥವಾ ನೋಂದಣಿ ಪಟ್ಟಿಯಲ್ಲಿರುವ ನಂಬರುಗಳಿಗೆ ‘ಮರದಿಂದ ಸುಮಾರು 50 ಮೀಟರ್ ಒಳಗೆ ಇದ್ದಿರಾ, ಏನಾದರೂ ತೊಂದರೆ ಇದೆಯಾ’ ಅಂತ ಮೆಸೇಜ್ ಕಳಿಸಿ, ಉತ್ತರ ಬಂದ ಹಾಗೆ ಅನುಬಂಧಕ್ಕೆ ಸೇರಿಸುತ್ತಾ ಹೋಗಿ. ಈಗ ಕೊಡುವುದರ ಮೇಲೆ ‘ಪ್ರಾಥಮಿಕ ವರದಿ’ ಅಂತ ಹಾಕಿ, ಒಂದು ತಿಂಗಳ ನಂತರದ ಎರಡನೇ ವರದಿಯ ತಾರೀಖನ್ನೂ ಅದರಲ್ಲೇ ನಮೂದಿಸಿ.