N₂, H₂ ಎಂಟ್ರೊಪಿ ಸೊನ್ನೆ ಅಲ್ಲ ತಮ್ಮಾ

"N₂ + 3H₂ → 2NH₃ ಲೆಕ್ಕಕ್ಕೆ ನನಗೆ ΔS° +385 ಬಂತು. N₂, H₂ ಎಲಿಮೆಂಟ್ ಅಲ್ವಾ, ಸೊನ್ನೆ ಹಾಕಿದೆ. ಪುಸ್ತಕದಲ್ಲಿ ಮೈನಸ್ ಇದೆ. ಪ್ರಿಂಟ್ ತಪ್ಪಾ?"

ಪ್ರಿಂಟ್ ಸರಿಯಾಗಿದೆ ತಮ್ಮಾ. ಸೊನ್ನೆ ಹಾಕುವುದು ΔH_f°ಗೆ, S°ಗೆ ಅಲ್ಲ. ಎಂಟ್ರೊಪಿ ಸೊನ್ನೆ ಆಗುವುದು 0 K ಹತ್ತಿರ, ಒಂದು ದೋಷವೂ ಇಲ್ಲದ ಹರಳಿಗೆ ಮಾತ್ರ. 298 Kನಲ್ಲಿ N₂ಗೂ 191.6 ಇದೆ, H₂ಗೂ 130.7 ಇದೆ.

```
2(192.5) − [191.6 + 3(130.7)] = −198.7 J/K
```

ಆ ಬ್ರಾಕೆಟ್ ಕ್ಯಾಲ್ಕುಲೇಟರಲ್ಲೂ ಒತ್ತು. ಬಿಟ್ಟರೆ 585.5 ತೋರಿಸುತ್ತದೆ. ಅದಕ್ಕಿಂತ ಮೊದಲು ಗ್ಯಾಸ್ ಎಣಿಸಬೇಕಿತ್ತು. ನಾಲ್ಕು ಮೋಲ್ ಹೋಗಿ ಎರಡಾಗಿದೆ, ಮೈನಸ್ ಬರಲೇಬೇಕು. ಪ್ಲಸ್ ಕಂಡ ತಕ್ಷಣ ನಿಲ್ಲಬೇಕಿತ್ತು.

ಬಳ್ಳಾರಿಯಲ್ಲಿ ಬಿ.ಎಸ್ಸಿ. ಓದುವಾಗ ನಾನೂ ಇದೇ ತಪ್ಪು ಮಾಡಿದ್ದೆ, ಅದೂ ನಮ್ಮೂರ ಅದಿರಿನ ಮೇಲೆ: Fe₂O₃ + 3CO → 2Fe + 3CO₂. ಕಬ್ಬಿಣ ಎಲಿಮೆಂಟ್ ಅಂತ ಸೊನ್ನೆ ಹಾಕಿದೆ, −39.1 ಬಂತು. ಸೆಮಿನಾರ್‌ನಲ್ಲಿ ಬೋರ್ಡ್ ಮೇಲೆ ಬರೆದು, ಅದಕ್ಕೊಂದು ಕಾರಣವನ್ನೂ ಹೇಳಿಬಿಟ್ಟೆ. Feಗೆ 27.3 ಹಾಕಿ ನೋಡು:

```
[2(27.3) + 3(213.8)] − [87.4 + 3(197.7)] = +15.5 J/K
```

ಚಿಹ್ನೆಯೇ ತಿರುಗಿತು! ಇಲ್ಲಿ ಗ್ಯಾಸ್ ಎಣಿಕೆ ಕಾಪಾಡುವುದಿಲ್ಲ, ಎರಡೂ ಕಡೆ ಮೂರೇ ಮೋಲ್. ಮೇಲಿನ ಕಾಮೆಂಟಿನಲ್ಲಿ ಒಬ್ಬ ಮೇಡಂ "ಗ್ಯಾಸ್ ಸಮ ಇದ್ದರೆ ΔS ಸೊನ್ನೆ" ಅಂದಿದ್ದಾರೆ. ಅದು ಅರ್ಧ ಸರಿ. ಸಣ್ಣದಿರುತ್ತದೆ, ಸೊನ್ನೆ ಇರಬೇಕಿಲ್ಲ. COಗಿಂತ CO₂ಗೆ ಒಂದು ಪರಮಾಣು ಜಾಸ್ತಿ, ಮೋಲಿಗೆ 16ರಷ್ಟು ಏರಿ ಒಟ್ಟು 48.3 ಸಿಗುತ್ತದೆ. ಘನದ ಕಡೆ 87.4 ಹೋಗಿ 54.6 ಬರುತ್ತದೆ, 32.8 ಇಳಿಕೆ. ಇವೆರಡರ ಜಗ್ಗಾಟದಲ್ಲಿ ಉಳಿಯುವುದು 15.5. ಇದನ್ನು ಟೇಬಲ್ ನೋಡದೆ ಊಹಿಸುವ ದಾರಿ ನನಗಂತೂ ಸಿಕ್ಕಿಲ್ಲ, ಯಾರಿಗಾದರೂ ಗೊತ್ತಿದ್ದರೆ ಹೇಳಿ. ಇಷ್ಟು ಸಣ್ಣ ಸಂಖ್ಯೆ 298 Kದು, ಅದನ್ನು ಕುಲುಮೆಯ ಬಿಸಿಗೆ ಹಾಗೇ ಒಯ್ಯಬೇಡ. ಎರಡು ಪುಸ್ತಕದ ಬೆಲೆ ಬೆರೆಸಲೂಬೇಡ. ದಶಾಂಶದಲ್ಲಿ ಒಂದಕ್ಕೊಂದು ಹೊಂದುವುದಿಲ್ಲ.

"ಮೈನಸ್ ಆದರೆ ಅಮೋನಿಯ ಹೇಗೆ ತಯಾರಾಗುತ್ತದೆ, ನಮ್ಮ ಹೊಲಕ್ಕೆ ಯೂರಿಯಾ ಬರುತ್ತಿದೆಯಲ್ಲ" ಅಂತ ಸಿಂಧನೂರಿನ ಅಣ್ಣ ಕೇಳಿದ್ದಾರೆ. ಅಣ್ಣಾ, ಅದು ಬೇರೆ ಪ್ರಶ್ನೆ. ಈ −198.7 ಗ್ಯಾಸುಗಳದ್ದು ಮಾತ್ರ. ರಿಯಾಕ್ಷನ್ ಹೊರಗೆ ಬಿಡುವ ಸುಮಾರು 92 kJ ಶಾಖವನ್ನು 298ರಿಂದ ಭಾಗಿಸಿದರೆ ಸುತ್ತಲಿಗೆ +309 J/K ಸಿಗುತ್ತದೆ. ಒಟ್ಟು ಪ್ಲಸ್. ಬಿಸಿ ಏರಿದಂತೆ ಆ 309 ಕರಗುತ್ತದೆ, ಅದಕ್ಕೇ ಫ್ಯಾಕ್ಟರಿಯಲ್ಲಿ ಅಷ್ಟು ಒತ್ತಡ ಕೊಡಬೇಕಾಗುತ್ತದೆ.

ತಮ್ಮಾ, ಮುಂದಿನ ಲೆಕ್ಕದಲ್ಲಿ ನೀರು ಬಂದರೆ (l)ಗೆ 69.9, (g)ಗೆ 188.8. ಅಕ್ಷರ ನೋಡದೆ ಸಾಲು ಹಿಡಿದರೆ ಮೋಲಿಗೆ 119 ತಪ್ಪುತ್ತದೆ.